ಶನಿವಾರ ಎರಡರ ಮೇಲೆ ಸಿಗುತ್ತೇನೆ

"ಸರ್, ಪಾರ್ಟ್‌ಟೈಮ್ ಕೆಲಸ ಇದೆಯಾ?"

ಬೆಂಗಳೂರಿನ ಬಟ್ಟೆ ಅಂಗಡಿ, ಸೂಪರ್‌ಮಾರ್ಕೆಟ್‌ಗಳಿಗೆ ಹುಡುಗ ಹುಡುಗಿಯರನ್ನು ಸೇರಿಸುವ ಎಚ್‌ಆರ್ ಫೋನಿಗೆ ಇಂಥ ಒಂದು ಸಾಲಿನ ಸಂದೇಶಗಳು ಬರುತ್ತಲೇ ಇರುತ್ತವೆ. ಇದಕ್ಕೆ ಉತ್ತರ ಬರುವುದು ಅಪರೂಪ, ಹಾಗಂತ ಅದು ಅವರ ಸೊಕ್ಕೇನಲ್ಲ. ಉತ್ತರ ಕೊಡಬೇಕೆಂದರೆ ಅವರೇ ಮೊದಲು ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ: ಯಾವ ಏರಿಯಾ, ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಎಷ್ಟು ತಿಂಗಳು ಇರುತ್ತೀರಿ? ಅಷ್ಟು ಪುರುಸೊತ್ತು ಅವರಿಗಿಲ್ಲ. "ಯಾವ ಟೈಮಾದರೂ ಪರವಾಗಿಲ್ಲ ಸರ್" ಎಂದು ಬರೆಯುವವರ ಕಥೆಯೂ ಇಷ್ಟೇ. ಕಾಲೇಜಿಗೆ ಹೋಗುವವರಿಗೆ ಯಾವ ಟೈಮಾದರೂ ಆಗುವುದಿಲ್ಲ ಎಂಬುದು ಎಚ್‌ಆರ್‌ಗೆ ಚೆನ್ನಾಗಿ ಗೊತ್ತು.

ಅವರಿಗೆ ಬೇಕಾದದ್ದೇನು ಎಂದು ತಿಳಿಯಲು ಅಂಗಡಿಯ ರೋಸ್ಟರ್ ಹೇಗಿರುತ್ತದೆ ಎಂದು ನೋಡಬೇಕು. ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆರೆದು ರಾತ್ರಿ ಒಂಬತ್ತೂವರೆಗೆ ಮುಚ್ಚುವ ಒಂದು ಅಂಗಡಿ ಎಂದುಕೊಳ್ಳಿ. ಕಾಯಂ ಸಿಬ್ಬಂದಿ ಎರಡು ಪಾಳಿಯಲ್ಲಿ ಬರುತ್ತಾರೆ. ಓಪನಿಂಗ್ ಶಿಫ್ಟ್ ಹತ್ತರಿಂದ ಏಳು, ಕ್ಲೋಸಿಂಗ್ ಶಿಫ್ಟ್ ಒಂದರಿಂದ ಹತ್ತು. ಅವರಿಗೆ ವಾರದ ರಜೆ ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದೊಳಗೆ ಸಿಗುತ್ತದೆ. ಶನಿವಾರ, ಭಾನುವಾರ ಯಾರಿಗೂ ರಜೆ ಇಲ್ಲ, ಆದರೂ ಸಂಜೆ ಐದರ ಮೇಲೆ ಟ್ರಯಲ್ ರೂಮಿನ ಮುಂದೆಯೂ ಬಿಲ್ಲಿಂಗ್ ಕೌಂಟರ್‌ನಲ್ಲಿಯೂ ಕೈ ಸಾಲುವುದಿಲ್ಲ. ವಿದ್ಯಾರ್ಥಿಗಳನ್ನು ಕರೆಯುವುದು ಆ ಕೆಲವು ಗಂಟೆಗಳಿಗಾಗಿ. ಹಾಗಾಗಿ ಸಂದೇಶದಲ್ಲಿ ಕಾಲೇಜಿನ ಟೈಮ್‌ಟೇಬಲ್ ಒಪ್ಪಿಸಿದರೆ ಸಾಲದು, ಅದನ್ನು ಶಿಫ್ಟಿನ ಲೆಕ್ಕಕ್ಕೆ ಇಳಿಸಿ ಕೊಡಬೇಕು.

ಬಿ.ಕಾಂ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ತೆಗೆದುಕೊಳ್ಳೋಣ. ಮನೆ ಕೆಂಗೇರಿ, ಕಾಲೇಜು ವಿಜಯನಗರ. ಎರಡೂ ಮೆಟ್ರೋದ ನೇರಳೆ ಮಾರ್ಗದಲ್ಲೇ ಇವೆ. ಶನಿವಾರ ಹನ್ನೆರಡೂವರೆಗೆ ಕ್ಲಾಸ್ ಮುಗಿಯುತ್ತದೆ. ಅವಳು ಬರೆಯಬಹುದಾದ ಸಂದೇಶ ಹೀಗಿರುತ್ತದೆ:

"ನಮಸ್ಕಾರ ಮೇಡಂ. ವೀಕೆಂಡ್ ಸೇಲ್ಸ್ ಕೆಲಸಕ್ಕೆ ಬರೆಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ 2ರಿಂದ ರಾತ್ರಿ 10, ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಪ್ರತಿ ವಾರ ಬರಬಲ್ಲೆ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ, ಮನೆ ಕೆಂಗೇರಿ. ಮೈಸೂರು ರಸ್ತೆ, ರಾಜರಾಜೇಶ್ವರಿ ನಗರ, ವಿಜಯನಗರದ ಯಾವ ಸ್ಟೋರ್ ಆದರೂ ಆಗುತ್ತದೆ. ಕನ್ನಡ, ತಮಿಳು, ಹಿಂದಿ ಮಾತಾಡುತ್ತೇನೆ. ನಮ್ಮ ಮಾವನ ಅಂಗಡಿಯಲ್ಲಿ ಎರಡು ಬೇಸಿಗೆ ರಜೆ ಬಿಲ್ ಹಾಕಿದ್ದೇನೆ. ಪರೀಕ್ಷೆಯ ಮೂರು ವಾರ ಬರಲಾಗುವುದಿಲ್ಲ, ವೇಳಾಪಟ್ಟಿ ಬಂದ ದಿನವೇ ತಿಳಿಸುತ್ತೇನೆ. ದಸರಾ ರಜೆಯಲ್ಲಿ ವಾರದ ದಿನಗಳಲ್ಲೂ ಬರಬಲ್ಲೆ. ಟ್ರೇನಿಂಗ್ ವಾರದ ದಿನ ಇರುತ್ತದೆಯೇ? ರೆಸ್ಯೂಮೆ ಜೊತೆಗಿಟ್ಟಿದ್ದೇನೆ."

ಇದರಲ್ಲಿ ದಿನವೂ ಸಮಯವೂ ಎರಡು, ಮೂರನೇ ವಾಕ್ಯದಲ್ಲೇ ಬಂದುಬಿಟ್ಟಿವೆ. ವಾಟ್ಸಾಪ್ ಸಂದೇಶ ತೆರೆಯುವ ಮೊದಲು ಪರದೆಯ ಮೇಲೆ ಕಾಣುವುದು ಶುರುವಿನ ಸ್ವಲ್ಪ ಭಾಗ ಮಾತ್ರ. ಅಲ್ಲಿ "ನನ್ನ ಹೆಸರು, ನಮ್ಮ ತಂದೆ" ಎಂದು ಹೊರಟರೆ ಮುಖ್ಯ ವಿಷಯ ಕಣ್ಣಿಗೇ ಬೀಳುವುದಿಲ್ಲ. ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಅದನ್ನು ಸ್ಟೋರ್ ಮ್ಯಾನೇಜರ್‌ಗೆ ದಾಟಿಸಿದರೆ ಗದ್ದಲದ ನಡುವೆ ಅವರು ಕೇಳುವುದಿಲ್ಲ.

ಹನ್ನೆರಡೂವರೆಗೆ ಬಿಡುವಾಗುವವಳು ಒಂದು ಗಂಟೆಯ ಶಿಫ್ಟಿಗೇ ಬರುತ್ತೇನೆ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಕೆಲಸ ಸುಲಭವಾಗಿ ಸಿಗುತ್ತಿತ್ತೋ ಏನೋ. ಆದರೆ ಮೇಷ್ಟ್ರು ಹತ್ತು ನಿಮಿಷ ಹೆಚ್ಚು ಪಾಠ ಮಾಡಿ, ಮೆಟ್ರೋ ಇಳಿದು ನಡೆದು, ಎರಡು ತುತ್ತು ತಿನ್ನುವ ಹೊತ್ತಿಗೆ ಒಂದೂಕಾಲು ದಾಟಿರುತ್ತದೆ. ಪ್ರತಿ ಶನಿವಾರ ಲೇಟ್ ಎಂದು ಹಾಜರಿಯಲ್ಲಿ ಬೀಳುವುದಕ್ಕಿಂತ ಎರಡಕ್ಕೆ ಎಂದು ಹೇಳಿ ಹತ್ತು ನಿಮಿಷ ಮೊದಲೇ ನಿಂತಿರುವುದು ಎಷ್ಟೋ ವಾಸಿ.

ಭಾನುವಾರ ಏಳಕ್ಕೆ ಬಿಡಬೇಕು ಎಂದದ್ದರ ಹಿಂದೆ ಬೇರೆ ಲೆಕ್ಕವಿದೆ. ಕ್ಲೋಸಿಂಗ್ ಶಿಫ್ಟ್ ಕಾಗದದ ಮೇಲೆ ಹತ್ತಕ್ಕೆ ಮುಗಿಯುತ್ತದೆ. ಕೊನೆಯ ಗಿರಾಕಿ ಹೋದ ಮೇಲೆ ಬಟ್ಟೆ ಮಡಚಿ ಜೋಡಿಸಿ, ಕ್ಯಾಶ್ ತಾಳೆ ನೋಡಿ ಹೊರಡುವಾಗ ಹತ್ತೂವರೆಯೂ ಆಗಬಹುದು. ಮಾರನೆಯ ದಿನ ಸೋಮವಾರ. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇಕಡಾ 75 ಹಾಜರಿ ಬೇಕು, ಅದೂ ಒಂದೊಂದು ವಿಷಯಕ್ಕೂ. ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರ ನಡೆಯುವ ವಿಷಯದಲ್ಲಿ ಒಟ್ಟು 60 ತರಗತಿ, ತಪ್ಪಿಸಬಹುದಾದದ್ದು 15. ಭಾನುವಾರದ ನಿದ್ದೆಗೆಟ್ಟು ಸೋಮವಾರದ ಮೊದಲ ಗಂಟೆಯನ್ನು ಪ್ರತಿ ವಾರ ಬಿಟ್ಟರೆ ಆ ಹದಿನೈದೂ ಅಲ್ಲಿಗೇ ಮುಗಿದವು. ಆಮೇಲೆ ಜ್ವರ ಬರುವ ಹಾಗೂ ಇಲ್ಲ, ಊರಿಗೆ ಹೋಗುವ ಹಾಗೂ ಇಲ್ಲ. ಶನಿವಾರ ರಾತ್ರಿ ತಡವಾದರೆ ಅಷ್ಟು ತೊಂದರೆಯಿಲ್ಲ. ಜನ ಹೆಚ್ಚಿರುವ ಆ ಸಂಜೆಯನ್ನು ಪೂರ್ತಿ ಕೊಟ್ಟಿರುವುದರಿಂದ ಭಾನುವಾರದ ಓಪನಿಂಗ್ ಕೇಳಲು ಅವಳಿಗೆ ಬಾಯಿಯೂ ಇರುತ್ತದೆ.

ಪರೀಕ್ಷೆಯ ಮಾತನ್ನು ಮುಚ್ಚಿಡುವವರೇ ಹೆಚ್ಚು. ಸೇರಿದ ಮೇಲೆ ಹೇಳಿದರಾಯಿತು ಎಂದುಕೊಂಡು, ಕೊನೆಗೆ ಹೇಳದೆ ಕೆಲಸ ಬಿಟ್ಟುಹೋಗುತ್ತಾರೆ, ತಿಂಗಳ ಉಳಿದ ಸಂಬಳವೂ ಸಿಕ್ಕಿಕೊಳ್ಳುತ್ತದೆ. ಮೊದಲೇ ಗೊತ್ತಿದ್ದರೆ ಮ್ಯಾನೇಜರ್ ಬದಲಿ ಹುಡುಕಿಕೊಳ್ಳಬಹುದು. ಅದರ ಪಕ್ಕದಲ್ಲೇ ದಸರಾ ರಜೆಯ ಮಾತು ಇಟ್ಟದ್ದು ಜಾಣತನ. ದಸರೆಯಿಂದ ದೀಪಾವಳಿಯವರೆಗೆ ಬಟ್ಟೆ ಅಂಗಡಿಗೆ ಜನ ಸಾಲದೇ ಸಾಲದು.

ಟ್ರೇನಿಂಗ್ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಬಹಳ ಕಡೆ ಗಾಡಿ ನಿಲ್ಲುವುದು ಇಲ್ಲೇ. ಕೆಲಸ ವೀಕೆಂಡ್‌ನದು, ಬಿಲ್ಲಿಂಗ್ ಕಲಿಸುವುದು ಮಾತ್ರ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ. "ಮೊದಲ ತಿಂಗಳು ಫುಲ್ ಟೈಮ್ ಬನ್ನಿ, ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ಆ ಕೆಲಸ ಪಾರ್ಟ್‌ಟೈಮ್ ಅಲ್ಲವೇ ಅಲ್ಲ ಎಂದು ತಿಳಿಯಬೇಕು.

ಸಂಬಳವನ್ನು ಮೊದಲ ಸಂದೇಶದಲ್ಲಿ ಕೇಳಬೇಕಾಗಿಲ್ಲ. ಅವರು ಮಾತಾಡಲು ಕರೆದಾಗ ಕೇಳಲೇಬೇಕು, ಅದೂ ಬಿಡಿಸಿ ಕೇಳಬೇಕು. ಗಂಟೆಯ ಲೆಕ್ಕವೋ, ದಿನದ ಲೆಕ್ಕವೋ, ತಿಂಗಳಿಗೆ ಇಷ್ಟು ಎಂದೋ? ತಿಂಗಳ ಲೆಕ್ಕವಾದರೆ ಐದು ಭಾನುವಾರ ಬಂದ ತಿಂಗಳಿನ ಗತಿಯೇನು? ಊಟದ ಬಿಡುವಿಗೆ ಹಣ ಹಿಡಿಯುತ್ತಾರೆಯೇ? ಹಣ ಕೊಡುವವರು ಅಂಗಡಿಯವರೋ ಏಜೆನ್ಸಿಯವರೋ ಎಂಬುದನ್ನೂ ಕೇಳಿಕೊಳ್ಳಬೇಕು. ಜನರನ್ನು ಸೇರಿಸುವುದು ಎಷ್ಟೋ ಸಲ ಮ್ಯಾನ್‌ಪವರ್ ಏಜೆನ್ಸಿ. ಸಂಬಳ ತಡವಾದಾಗ ಅಂಗಡಿಯ ಮ್ಯಾನೇಜರ್ ಏಜೆನ್ಸಿಯತ್ತ ಕೈ ತೋರಿಸುತ್ತಾರೆ, ಅದರ ಹೆಸರೇ ನಮಗೆ ಗೊತ್ತಿರುವುದಿಲ್ಲ.

ಉತ್ತರವಾಗಿ ರಿಜಿಸ್ಟ್ರೇಷನ್ ಫೀ, ಐಡಿ ಕಾರ್ಡ್ ಚಾರ್ಜ್ ಎಂದು ಕ್ಯೂಆರ್ ಕೋಡ್ ಬಂದರೆ ನಂಬರನ್ನು ಬ್ಲಾಕ್ ಮಾಡಿ ಮುಂದೆ ಹೋಗುವುದು. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಮ್ಮಿಂದ ಹಣ ಕೇಳುವುದಲ್ಲ. ಆಧಾರ್ ಪ್ರತಿಯನ್ನೂ ಮೊದಲ ಸಂದೇಶದ ಜೊತೆ ಕಳಿಸಬಾರದು. ಕೆಲಸ ಖಚಿತವಾದ ಮೇಲೆ ಕೇಳಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ವಿಚಾರಿಸಬಹುದು.

ಕಳಿಸುವ ದಿನಕ್ಕೂ ಬೆಲೆಯಿದೆ. ಶನಿವಾರ ಸಂಜೆ ಬರೆದದ್ದು ಅಂಗಡಿಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮಂಗಳವಾರ, ಬುಧವಾರ ಬೆಳಿಗ್ಗೆ ಮುಂದಿನ ವೀಕೆಂಡಿನ ರೋಸ್ಟರ್ ಇನ್ನೂ ಸಡಿಲವಾಗಿರುತ್ತದೆ. ಮೂರು ನಾಲ್ಕು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿದರೆ ಸಾಕು: "ಮೇಡಂ, ಶನಿವಾರ 2ರಿಂದ 10, ಭಾನುವಾರ 10ರಿಂದ 7 ಎಂದು ಬರೆದಿದ್ದೆ. ಜಾಗ ಇದ್ದರೆ ತಿಳಿಸಿ." ಹಳೆಯ ಸಂದೇಶ ಹುಡುಕುವ ಕೆಲಸವನ್ನು ಅವರಿಗೆ ಬಿಡಬಾರದು.

ಫೋನಿನಲ್ಲಿ ಎಲ್ಲ ಒಪ್ಪಿಗೆಯಾದ ಮೇಲೂ ಒಂದು ಸಂದೇಶ ಬಾಕಿ ಇರುತ್ತದೆ. ಅದನ್ನು ಅವತ್ತೇ ಕಳಿಸಬೇಕು: "ಮೇಡಂ, ಮಾತಾಡಿದಂತೆ ಈ ಶನಿವಾರದಿಂದ ಬರುತ್ತೇನೆ. ಶನಿವಾರ 2ರಿಂದ 10, ಭಾನುವಾರ 10ರಿಂದ 7, ದಿನದ ಲೆಕ್ಕದಲ್ಲಿ ಸಂಬಳ, ಪರೀಕ್ಷೆಯ ಮೂರು ವಾರ ರಜೆ. ಸರಿಯಾಗಿದೆಯೇ?" ಎರಡು ತಿಂಗಳ ನಂತರ ಹೊಸ ಮ್ಯಾನೇಜರ್ ಬಂದು "ಭಾನುವಾರ ಕ್ಲೋಸಿಂಗ್ ಮಾಡಮ್ಮ" ಎಂದಾಗ ತೋರಿಸಲು ಅವಳ ಕೈಯಲ್ಲಿರುವುದು ಈ ಸಂದೇಶ, ಅದರ ಕೆಳಗೆ ಎಚ್‌ಆರ್ ಬರೆದ "ಓಕೆ".