ಹಿರಿಯ ಗ್ರಾಹಕರ ಕಣ್ಣಿಗೆ ನಿಲುಕುವ ಜಾಹೀರಾತು

ಶೇಂಗಾ ಎಣ್ಣೆ ತಯಾರಿಸುವ ಸಣ್ಣ ಘಟಕವೊಂದರ ಕರಪತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಳದಿ ನೆಲದ ಮೇಲೆ ಕೆಂಪು ಬಣ್ಣದ ದೊಡ್ಡ ಶೀರ್ಷಿಕೆ. ಕೆಳಗೆ ಬಿಳಿಯ ಪಟ್ಟಿಯಲ್ಲಿ ಕಿತ್ತಳೆ ಬಣ್ಣದ 9 ಪಾಯಿಂಟ್ ಅಕ್ಷರಗಳಲ್ಲಿ ಬೆಲೆ ಹಾಗೂ ದೂರವಾಣಿ ಸಂಖ್ಯೆ. ಮಾಲೀಕರು ಅದನ್ನು ಒಪ್ಪಿಕೊಂಡದ್ದು ಕಂಪ್ಯೂಟರ್ ಪರದೆಯ ಬೆಳಕಿನಲ್ಲಿ. ಮನೆಯ ಹಿರಿಯರು ಅದನ್ನು ಓದಬೇಕಾದುದು ಸಂಜೆಯ ಮಂದ ದೀಪದಲ್ಲಿ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರವು ಹಳದಿಗಟ್ಟುತ್ತದೆ. ಇಪ್ಪತ್ತರ ತರುಣರಿಗೆ ಹೋಲಿಸಿದರೆ ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ಸುಮಾರು ಮೂರನೆಯ ಒಂದು ಪಾಲಿನಷ್ಟು ಬೆಳಕು ಮಾತ್ರ ತಲುಪುತ್ತದೆ. ಕನ್ನಡಕವು ಅಕ್ಷರದ ಅಂಚನ್ನು ಸ್ಪಷ್ಟಗೊಳಿಸಬಲ್ಲದೇ ಹೊರತು ಬಣ್ಣಗಳ ನಡುವಣ ಅಂತರವನ್ನು ಹೆಚ್ಚಿಸಲಾರದು.

ಈ ಅಂತರವನ್ನು ಅಳೆಯಲು ಮಾನದಂಡವೊಂದುಂಟು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತವಿರಬೇಕು. 18 ಪಾಯಿಂಟ್ ಅಥವಾ ದಪ್ಪಕ್ಷರದ 14 ಪಾಯಿಂಟ್‌ಗೆ 3 ಸಾಕು. ಬಿಳಿಯ ಮೇಲಣ ಕಿತ್ತಳೆಯ ಅನುಪಾತ ಸುಮಾರು 2 ಮಾತ್ರ. ಹಳದಿಯ ಮೇಲಣ ಕೆಂಪು 3.7, ಆದುದರಿಂದ ಶೀರ್ಷಿಕೆಗೆ ಅಡ್ಡಿಯಿಲ್ಲ, ಬೆಲೆಪಟ್ಟಿಗೆ ಸಲ್ಲದು. ಅದೇ ಹಳದಿಯ ಮೇಲೆ ಕಪ್ಪು ಇಟ್ಟರೆ 19ನ್ನು ಮೀರುತ್ತದೆ. ಕಡು ಹಸಿರಿನ ಮೇಲಣ ಕೆಂಪಂತೂ 1.3ರ ಆಸುಪಾಸು, ನಮ್ಮ ಪೇಟೆಗಳ ಫಲಕಗಳಲ್ಲಿ ಅದು ಎಷ್ಟೇ ಜನಪ್ರಿಯವಾಗಿರಲಿ. ಈ ಲೆಕ್ಕ ಪರದೆಗೆ ಸಂಬಂಧಿಸಿದುದು. ಬೂದು ಛಾಯೆಯ ಸುದ್ದಿಕಾಗದದಲ್ಲಿ ಶಾಯಿ ಹರಡಿಕೊಳ್ಳುವುದರಿಂದ ಅಂತರ ಇನ್ನಷ್ಟು ಕುಗ್ಗುತ್ತದೆ.

ಗಾತ್ರದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕಿದೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವಾಗಿರುವುದರಿಂದ ಮೊದಲು ಕಲೆಸಿಹೋಗುವುದು ಅವೇ. ಅಲ್ಲದೆ ಒಂದೇ ಪಾಯಿಂಟ್‌ನಲ್ಲಿ ಒಂದು ಫಾಂಟ್‌ನ ಅಕ್ಷರ ದೊಡ್ಡದಾಗಿಯೂ ಮತ್ತೊಂದರದು ಚಿಕ್ಕದಾಗಿಯೂ ಕಾಣುವುದುಂಟು. ಆದಕಾರಣ ಅಂಕಿಯನ್ನಷ್ಟೇ ನಂಬದೆ "ಸಂಸ್ಕೃತ", "ಅಷ್ಟಕ್ಕೂ" ಮುಂತಾದ ಪದಗಳನ್ನು ಮುದ್ರಿಸಿ ನೋಡುವುದು ಲೇಸು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲದಂತೆ ಸಾಲುಗಳ ಅಂತರವನ್ನೂ ಹೆಚ್ಚಿಸಬೇಕಾಗುತ್ತದೆ.

ಪದ ಕಡಿಮೆಯಾದಷ್ಟೂ ಅಕ್ಷರಕ್ಕೆ ಸ್ಥಳ ದೊರೆಯುತ್ತದೆ. "ಪಾರಂಪರಿಕ ಪದ್ಧತಿಯಲ್ಲಿ ಸಂಸ್ಕರಿಸಲ್ಪಟ್ಟ ಉತ್ಕೃಷ್ಟ ಖಾದ್ಯತೈಲ" ಎಂಬುದಕ್ಕೆ ಬದಲಾಗಿ "ಮರದ ಗಾಣದ ಶೇಂಗಾ ಎಣ್ಣೆ" ಎಂದರೆ ಸಾಕು. "ಷರತ್ತುಗಳು ಅನ್ವಯಿಸುತ್ತವೆ" ಎಂದು ಮೂಲೆಯಲ್ಲಿ ನಮೂದಿಸುವ ಬದಲು "5 ಲೀಟರ್ ಕೊಂಡರೆ ಮಾತ್ರ ರಿಯಾಯಿತಿ" ಎಂದು ಬೆಲೆಯ ಪಕ್ಕದಲ್ಲೇ ಬರೆಯಬಹುದು. ಹೀಗೆ ಉಳಿದ ಸ್ಥಳದಲ್ಲಿ ಬೆಲೆಯನ್ನೂ ಐದೈದು ಅಂಕಿಗಳಾಗಿ ಬಿಡಿಸಿದ ಮೊಬೈಲ್ ಸಂಖ್ಯೆಯನ್ನೂ 14 ಪಾಯಿಂಟ್ ಕಪ್ಪು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಸಾಧ್ಯ.

ಅಚ್ಚಿಗೆ ಕೊಡುವ ಮುನ್ನ ಕರಡನ್ನು ಬಳಸಲಿರುವ ಕಾಗದದ ಮೇಲೆಯೇ ತೆಗೆಸಿ, ಕಪ್ಪುಬಿಳುಪು ಜೆರಾಕ್ಸ್ ಪ್ರತಿ ಮಾಡಿಸಬೇಕು. ಅದರಲ್ಲಿ ಬೆಲೆ ಮಾಸಿದ್ದರೆ ಬಣ್ಣವನ್ನು ಬದಲಿಸಬೇಕೆಂದು ತಿಳಿಯಬಹುದು. ಬಳಿಕ ಅಂಗಡಿಗೆ ಬರುವ ಹಿರಿಯರೊಬ್ಬರಿಗೆ ಮೂಲಪ್ರತಿಯನ್ನು ಕೊಟ್ಟು, ದೂರವಾಣಿ ಸಂಖ್ಯೆಯನ್ನು ಗಟ್ಟಿಯಾಗಿ ಓದಲು ಕೋರಬೇಕು. ಅವರು ಕಾಗದವನ್ನು ಬೆಳಕಿನತ್ತ ತಿರುಗಿಸಿದರೆ ಕರಡು ಇನ್ನೂ ಸಿದ್ಧವಾಗಿಲ್ಲ.