ಅಂಗೈಯಗಲದ ಕಂಪ್ಯೂಟರಿನಲ್ಲಿ ಹಳೆಯ ಆಟಗಳು

ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದವರಿಗೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿರುತ್ತದೆ. ಹಳದಿ ಕ್ಯಾಸೆಟ್ಟು, ಅದರೊಳಗೆ ಮಾರಿಯೋ, ಕಾಂಟ್ರಾ. ಕ್ಯಾಸೆಟ್ ಹಿಡಿಯದಿದ್ದರೆ ಊದಿ ಮತ್ತೆ ಹಾಕುತ್ತಿದ್ದೆವು. ಆ ಆಟಗಳನ್ನು ಮಕ್ಕಳಿಗೆ ತೋರಿಸಬೇಕೆಂದು ನಾನು ರಾಸ್ಪ್‌ಬೆರಿ ಪೈ 4 ಕೊಂಡೆ. 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲದ ಒಂದೇ ಹಲಗೆ, ಹೆಚ್ಚುಕಡಿಮೆ ಕ್ರೆಡಿಟ್ ಕಾರ್ಡಿನಷ್ಟು. ಪ್ರೊಸೆಸರ್, ಮೆಮೊರಿ, ಟಿವಿಗೆ ಹೋಗುವ ಕಿಂಡಿ ಎಲ್ಲವೂ ಅದರ ಮೇಲೆಯೇ ಇವೆ. ಹಾರ್ಡ್ ಡಿಸ್ಕಿನ ಬದಲು ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡ್.

ಇದು ಎಷ್ಟರಮಟ್ಟಿಗೆ ಆಟ ಆಡಿಸಬಲ್ಲದು? ಉತ್ತರ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು.

ಹಳೆಯ ಆಟ ಈ ಹಲಗೆಯ ಮೇಲೆ ನೇರವಾಗಿ ಓಡುವುದಿಲ್ಲ. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಯಂತ್ರದ ವೇಷ ಹಾಕಿಕೊಂಡು ಆಟದ ಒಂದೊಂದು ಆಜ್ಞೆಯನ್ನೂ ಹೊಸ ಪ್ರೊಸೆಸರಿಗೆ ಅರ್ಥವಾಗುವಂತೆ ಬದಲಿಸಿ ಕೊಡುತ್ತದೆ. ಹಳೆಯ ಯಂತ್ರ ಒಂದು ಹೆಜ್ಜೆ ಇಡುವ ಜಾಗದಲ್ಲಿ ಹೊಸದು ಹತ್ತಾರು ಹೆಜ್ಜೆ ಇಡಬೇಕು. ಸೆಕೆಂಡಿಗೆ ಅರವತ್ತು ಚಿತ್ರ ಮೂಡಬೇಕಾದ್ದರಿಂದ ಪ್ರತಿ ಚಿತ್ರಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿದರೆ ಆಟ ನುಣ್ಣಗೆ ಸಾಗುತ್ತದೆ, ಇಲ್ಲದಿದ್ದರೆ ಎಡವುತ್ತದೆ.

ಕಾಂಟ್ರಾ ಓಡುತ್ತಿದ್ದ ನಿಂಟೆಂಡೊದ ಪ್ರೊಸೆಸರ್ ಸೆಕೆಂಡಿಗೆ ಸುಮಾರು 18 ಲಕ್ಷ ಬಾರಿ ಮಿಡಿಯುತ್ತಿತ್ತು. ಒಂದು ಚಿತ್ರಕ್ಕೆ ಸರಿಸುಮಾರು 30 ಸಾವಿರ ಮಿಡಿತ. 2019ರಲ್ಲಿ ಬಂದ ಪೈ 4ರ ನಾಲ್ಕು ಕೋರ್‌ಗಳಲ್ಲಿ ಒಂದೊಂದಕ್ಕೂ ಅಷ್ಟೇ ಸಮಯದಲ್ಲಿ ಎರಡೂವರೆ ಕೋಟಿ ಮಿಡಿತ ಸಿಗುತ್ತದೆ. ಅಂದರೆ ಎಂಟುನೂರು ಪಟ್ಟಿಗೂ ಹೆಚ್ಚು. ಮಾರಿಯೋ ಆಡಿಸುವುದು ಈ ಹಲಗೆಗೆ ಒಂದು ಕೆಲಸವೇ ಅಲ್ಲ. 1994ರ ಪ್ಲೇಸ್ಟೇಷನ್ 34 ಮೆಗಾಹರ್ಟ್ಸ್‌ನದು, ಅಲ್ಲಿಗೆ ಅಂತರ ನಲವತ್ತನಾಲ್ಕು ಪಟ್ಟಿಗೆ ಇಳಿಯಿತು. ಆದರೂ ಸಾಕಷ್ಟಾಯಿತು. ಟೆಕ್ಕೆನ್ 3ರಲ್ಲಿ ಮಗಳು ನನ್ನನ್ನು ಹತ್ತಾರು ಸಲ ಸೋಲಿಸಿದ್ದಾಳೆ, ಒಮ್ಮೆಯೂ ಚಿತ್ರ ತಡವರಿಸಲಿಲ್ಲ. ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರ್ 295 ಮೆಗಾಹರ್ಟ್ಸ್. ಅಂತರ ಐದೇ ಪಟ್ಟು. ಸಾಲದ್ದಕ್ಕೆ ಆ ಯಂತ್ರದಲ್ಲಿ ಲೆಕ್ಕ ಹಾಕುವ ಬೇರೆ ಘಟಕಗಳೂ ಇದ್ದು, ಅವನ್ನೆಲ್ಲ ಒಂದಕ್ಕೊಂದು ಹೊಂದಿಸಿಕೊಂಡು ನಟಿಸಬೇಕು. ಪೈ 4ರಿಂದ ಅದನ್ನು ನಿರೀಕ್ಷಿಸಬೇಡಿ.

ಮಿಡಿತದ ಲೆಕ್ಕ ದಾರಿ ತೋರಿಸುತ್ತದೆ, ಆದರೆ ಅದೊಂದೇ ಸಾಲದು. ನಿಂಟೆಂಡೊ 64ರದು 94 ಮೆಗಾಹರ್ಟ್ಸ್, ಸೆಗಾ ಡ್ರೀಮ್‌ಕ್ಯಾಸ್ಟಿನದು 200. ಲೆಕ್ಕದ ಪ್ರಕಾರ ಡ್ರೀಮ್‌ಕ್ಯಾಸ್ಟ್ ಹೆಚ್ಚು ಕಷ್ಟವಾಗಬೇಕು. ಪೈ 4ರಲ್ಲಿ ನೋಡಿದರೆ ಡ್ರೀಮ್‌ಕ್ಯಾಸ್ಟಿನ ಹೆಚ್ಚಿನ ಆಟಗಳು ಸಲೀಸಾಗಿ ಓಡುತ್ತವೆ, ನಿಂಟೆಂಡೊ 64ರ ಆಟಗಳೇ ಸತಾಯಿಸುವುದು. ಡ್ರೀಮ್‌ಕ್ಯಾಸ್ಟ್ ಚಿತ್ರ ಬಿಡಿಸುತ್ತಿದ್ದ ರೀತಿ ಇಂದಿನ ಗ್ರಾಫಿಕ್ಸ್ ಚಿಪ್‌ಗಳಿಗೆ ಹತ್ತಿರವಾದ್ದು, ಹಾಗಾಗಿ ಕೆಲಸವನ್ನು ಅವಕ್ಕೆ ವರ್ಗಾಯಿಸುವುದು ಸುಲಭ. ನಿಂಟೆಂಡೊ 64ರಲ್ಲಿ ಮಾತ್ರ ಚಿತ್ರ ಬಿಡಿಸುವ ಚಿಪ್‌ಗೇ ಹೊಸ ಪ್ರೋಗ್ರಾಮ್ ತುಂಬಬಹುದಿತ್ತು, ಕೆಲವು ಸ್ಟುಡಿಯೋಗಳು ತಮ್ಮದೇ ಒಳಗುಟ್ಟು ಬರೆದುಕೊಂಡವು. ಒಂದು ಆಟಕ್ಕೆ ಒಪ್ಪಿದ ಎಮ್ಯುಲೇಟರ್ ಇನ್ನೊಂದರಲ್ಲಿ ಮುಗ್ಗರಿಸುವುದು ಅದಕ್ಕೇ. ಇಲ್ಲಿ ಆಟದಿಂದ ಆಟಕ್ಕೆ ನೋಡಿಕೊಳ್ಳಬೇಕೇ ಹೊರತು ಯಂತ್ರದ ಹೆಸರಿನ ಮೇಲೆ ತೀರ್ಪು ಕೊಡಲಾಗದು.

ಹಲಗೆ ಸೋಲುತ್ತಿದೆಯೆಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಚಿತ್ರ ಒಂದೆರಡು ಮಿಲಿಸೆಕೆಂಡ್ ತಡವಾದರೆ ನಮಗೆ ತಿಳಿಯದೆ ಇರಬಹುದು, ಆದರೆ ಮುಂದಿನ ತುಣುಕು ಸಿಗದ ಶಬ್ದ ಚಟಚಟ ಎನ್ನತೊಡಗುತ್ತದೆ. ನನಗೂ ಹಾಗೇ ಆಯಿತು, ಅದೂ ಟೆಕ್ಕೆನ್ ಅಷ್ಟು ಚೆನ್ನಾಗಿ ಆಡಿದ ವಾರದಲ್ಲೇ. ಸಂಗೀತ ಒಡೆಯಿತು, ಟಿವಿಯ ಮೂಲೆಯಲ್ಲಿ ಹಳದಿ ಮಿಂಚಿನ ಚಿಹ್ನೆ ಮಿನುಗಿತು. ಆಟದಿಂದ ಹೊರಬಂದು ಈ ಆಜ್ಞೆ ಕೊಟ್ಟೆ:

```
vcgencmd get_throttled
```

`throttled=0x50005` ಎಂದು ಬಂತು. ಎಲ್ಲ ಸರಿಯಿದ್ದರೆ `0x0` ಬರಬೇಕು. ಕೊನೆಯ 5 ಈಗ ಕರೆಂಟ್ ಸಾಲುತ್ತಿಲ್ಲ, ವೇಗ ತಗ್ಗಿಸಲಾಗಿದೆ ಎನ್ನುತ್ತದೆ. ಮೊದಲ 5 ಹಲಗೆ ಆನ್ ಆದ ಮೇಲೆ ಹಿಂದೊಮ್ಮೆ ಹಾಗಾಗಿತ್ತು ಎನ್ನುತ್ತದೆ. ಅಂದು ಸರಿಯಾದ ಅಡಾಪ್ಟರ್ ಪಕ್ಕದ ಕೋಣೆಯಲ್ಲಿತ್ತು, ನಾನು ಕೈಗೆ ಸಿಕ್ಕ ಹಳೆಯ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಪೈ 5ಕ್ಕೆ 5 ಆಂಪಿಯರ್. ಅಡಾಪ್ಟರ್ ಬದಲಿಸಿದ ಕೂಡಲೇ ಶಬ್ದ ಸರಿಹೋಯಿತು. ಬಿಸಿಯೂ ಇದೇ ಆಟ ಕಟ್ಟುತ್ತದೆ. 80 ಡಿಗ್ರಿ ಮುಟ್ಟಿದರೆ ಹಲಗೆ ತಾನೇ ವೇಗ ಇಳಿಸುತ್ತದೆ. `vcgencmd measure_temp` ಎಂದರೆ ತಾಪಮಾನ ಹೇಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಆಡಬೇಡಿ. ಪುಟ್ಟ ಫ್ಯಾನ್ ಸಾಕು.

ಇನ್ನು ಇಂಡೀ ಆಟಗಳು, ಎಂದರೆ ಒಬ್ಬಿಬ್ಬರು ಅಥವಾ ಸಣ್ಣ ತಂಡ ಮಾಡಿದ ಹೊಸ ಆಟಗಳು. ನೋಡಲು ಹಳೆಯ ಆಟಗಳಷ್ಟೇ ಸರಳ, ಹಾಗಾಗಿ ಇವು ಓಡಲೇಬೇಕು ಎಂದುಕೊಳ್ಳುತ್ತೇವೆ. ಇಲ್ಲಿ ತೊಡಕು ಶಕ್ತಿಯದಲ್ಲ, ಭಾಷೆಯದು. ಅಂಗಡಿಯಲ್ಲಿ ಸಿಗುವ ಪಿಸಿ ಆಟಗಳು ಬಹುತೇಕ ಇಂಟೆಲ್, ಎಎಮ್‌ಡಿ ಪ್ರೊಸೆಸರಿನ ಭಾಷೆಯಲ್ಲಿವೆ. ಪೈಯದು ಮೊಬೈಲಿನಂತೆ ಆರ್ಮ್ ಪ್ರೊಸೆಸರ್. ಬಾಕ್ಸ್64 ಎಂಬ ಉಚಿತ ತಂತ್ರಾಂಶ ಓಡುತ್ತಿರುವಾಗಲೇ ಅನುವಾದಿಸಿ ಕೊಡುತ್ತದೆ, ಅದಕ್ಕೆ ತಗಲುವ ದುಡಿಮೆಯನ್ನು ಹಲಗೆಯೇ ತೆರಬೇಕು. ಇದನ್ನು ದಾಟಿದರೂ ಗ್ರಾಫಿಕ್ಸಿನಲ್ಲಿ ಇನ್ನೊಂದು ತಡೆಯಿದೆ: ಪೈ ಓಪನ್‌ಜಿಎಲ್ 3.1ರವರೆಗೆ ಮಾತ್ರ ಒಪ್ಪುತ್ತದೆ, ಅನೇಕ ಆಟಗಳು 3.2 ಕೇಳಿ ಶುರುವಿನಲ್ಲೇ ನಿಂತುಬಿಡುತ್ತವೆ. ಹಾಗಾಗಿ ಆಟ ಕೊಳ್ಳುವ ಮುನ್ನ ಅದು ಎಷ್ಟು ಹಗುರ ಎಂಬುದಕ್ಕಿಂತ ಆರ್ಮ್ ಲಿನಕ್ಸಿಗೆ ಸಿಗುತ್ತದೆಯೇ ಎಂದು ನೋಡಬೇಕು.

ಹಾಗೆ ಸಿಗುವುದರಲ್ಲಿ ನನಗೆ ಅತಿ ಪ್ರಿಯವಾದದ್ದು ಪಿಕೊ-8. ಇದು ಯಾವ ಕಾರ್ಖಾನೆಯಲ್ಲೂ ತಯಾರಾಗದ, ತಂತ್ರಾಂಶದಲ್ಲಷ್ಟೇ ಇರುವ ಆಟದ ಯಂತ್ರ: 128ಕ್ಕೆ 128 ಚುಕ್ಕಿಗಳ ಪರದೆ, ಹದಿನಾರು ಬಣ್ಣ, ಪುಟ್ಟ ಕಾರ್ಟ್ರಿಜ್. ಪೈಗೆಂದೇ ಅದರ ಆವೃತ್ತಿಯಿದೆ. 2018ರಲ್ಲಿ ಹೆಸರು ಮಾಡಿದ ಸೆಲೆಸ್ಟ್ ಆಟ ಮೊದಲು ನಾಲ್ಕೇ ದಿನದಲ್ಲಿ ಹುಟ್ಟಿದ್ದು ಈ ಪಿಕೊ-8ರಲ್ಲಿ. ಆ ಮೊದಲ ರೂಪ ಪೈ ಮೇಲೆ ಒಂದಿಷ್ಟೂ ಅಳುಕದೆ ಓಡುತ್ತದೆ. ರೈಲು, ಬಸ್ಸು ಓಡಿಸುವ ಓಪನ್‌ಟಿಟಿಡಿ, ಇಟ್ಟಿಗೆ ಜೋಡಿಸುವ ಲುವಾಂಟಿ ಕೂಡ ಮುಕ್ತ ತಂತ್ರಾಂಶಗಳಾದ್ದರಿಂದ ಆರ್ಮ್‌ಗೆ ಸುಲಭವಾಗಿ ಸಿಗುತ್ತವೆ.

ಎರಡು ಮಾತು ಹೇಳದೆ ಮುಗಿಸಲಾರೆ. ಹಳೆಯ ಆಟಗಳಿಗೂ ಹಕ್ಕುದಾರರಿದ್ದಾರೆ, ಜಾಲದಲ್ಲಿ ಸಿಕ್ಕಿತೆಂದು ಎಲ್ಲವನ್ನೂ ಇಳಿಸಿಕೊಳ್ಳುವುದು ಸರಿಯಲ್ಲ. ಹಾಗೆಯೇ ಆಟ ಮುಗಿದ ಕೂಡಲೇ ಸ್ವಿಚ್ ಆರಿಸಬೇಡಿ. ಹೆಚ್ಚಿನವರು ಬಳಸುವ ರೆಟ್ರೊಪೈಯಲ್ಲಿ, ಆಟದೊಳಗೆ ಉಳಿಸಿದ್ದು ಕಾರ್ಡಿಗೆ ಬರೆಯಲ್ಪಡುವುದು ಸಾಮಾನ್ಯವಾಗಿ ಆಟದಿಂದ ಹೊರಬಂದಾಗಲೇ. ವಾರವಿಡೀ ಆಡಿದ್ದು ಒಂದು ಕ್ಷಣದಲ್ಲಿ ಹೋಗಬಹುದು, ಕಾರ್ಡೂ ಕೆಡಬಹುದು.

ಮೊದಲ ಪ್ಲೇಸ್ಟೇಷನ್‌ವರೆಗಿನ ಆಟಗಳೇ ನಿಮಗೆ ಬೇಕಾದ್ದಾದರೆ ಪೈ 4 ಧಾರಾಳವಾಗಿ ಸಾಕು, ಹೆಚ್ಚಿನ ಬೆಲೆಯ ಪೈ 5 ಬೇಕಿಲ್ಲ. ಉಳಿದ ದುಡ್ಡಿನಲ್ಲಿ ಒಳ್ಳೆಯ ಅಡಾಪ್ಟರ್, ಫ್ಯಾನ್, ಎರಡು ಗೇಮ್‌ಪ್ಯಾಡ್ ಕೊಳ್ಳಿ.