ಮದುವೆ ಮಾತಿಗೆ ಒಂಬತ್ತು ವರ್ಷದ ಲೆಕ್ಕ

ಹುಟ್ಟಿದ ತಾರೀಖು, ಹುಟ್ಟಿದ ತಿಂಗಳು ಮತ್ತು ನಡೆಯುತ್ತಿರುವ ಇಸವಿ, ಈ ಮೂರರ ಅಂಕಿಗಳನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸಿದಾಗ ಸಿಗುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ವೈಯಕ್ತಿಕ ವರ್ಷಸಂಖ್ಯೆ ಎಂದು ಹೆಸರು. ಅದು 1ರಿಂದ 9ರವರೆಗೆ ವರ್ಷಕ್ಕೊಂದರಂತೆ ಏರುತ್ತದೆ, 9 ಮುಗಿದ ಮೇಲೆ ಮತ್ತೆ 1ಕ್ಕೆ ಬರುತ್ತದೆ. ಈ ಒಂಬತ್ತು ವರ್ಷಗಳ ಸುತ್ತಿನಲ್ಲಿ ಪ್ರತಿ ವರ್ಷಕ್ಕೂ ಒಂದು ಸ್ವಭಾವವಿದೆ ಎಂಬುದು ನಂಬಿಕೆ. ಮದುವೆಯ ಪ್ರಸ್ತಾಪ, ನಿಶ್ಚಿತಾರ್ಥ ಅಥವಾ ಜೊತೆಯಾಗಿ ಬಾಳುವ ನಿರ್ಧಾರಕ್ಕೆ ಯಾವ ವರ್ಷ ಕೂಡಿಬರುತ್ತದೆ ಎಂದು ನೋಡಲು ಈ ಲೆಕ್ಕವನ್ನು ಬಳಸುವವರಿದ್ದಾರೆ.

ಈ ಪದ್ಧತಿಯನ್ನು ಗ್ರೀಕ್ ಗಣಿತಜ್ಞ ಪೈಥಾಗೊರಸ್‌ನ ಹೆಸರಿನಲ್ಲಿ ಹೇಳುವುದು ರೂಢಿ. ಆದರೆ ಅವನು ಕ್ರಿಸ್ತಪೂರ್ವ 6ನೇ ಶತಮಾನದವನು, ಅವನ ಬರಹ ಯಾವುದೂ ಉಳಿದಿಲ್ಲ. ಈ ಲೆಕ್ಕಕ್ಕೆ ಬೇಕಾದ ಕ್ರಿಸ್ತಶಕೆಯ ಎಣಿಕೆಯನ್ನು ಡಯೊನಿಸಿಯಸ್ ಎಕ್ಸಿಗಸ್ ಎಂಬ ಕ್ರೈಸ್ತ ಸನ್ಯಾಸಿ ರೂಪಿಸಿದ್ದು ಕ್ರಿ.ಶ. 525ರಲ್ಲಿ, ಇಂದಿನ ಗ್ರೆಗೋರಿಯನ್ ಪಂಚಾಂಗ ಬಂದದ್ದು 1582ರಲ್ಲಿ. ಈಗ ಚಾಲ್ತಿಯಲ್ಲಿರುವ ರೂಪ ಅಮೆರಿಕದ್ದು. 20ನೇ ಶತಮಾನದ ಆರಂಭದಲ್ಲಿ ಅಟ್ಲಾಂಟಿಕ್ ಸಿಟಿಯ ಎಲ್. ಡೌ ಬ್ಯಾಲಿಯೆಟ್ ಎಂಬ ಮಹಿಳೆ ಅದಕ್ಕೆ ಅಡಿಪಾಯ ಹಾಕಿದರು. 1931ರಲ್ಲಿ ಬಂದ ಫ್ಲಾರೆನ್ಸ್ ಕ್ಯಾಂಪ್‌ಬೆಲ್ ಅವರ ‘ಯುವರ್ ಡೇಸ್ ಆರ್ ನಂಬರ್ಡ್’ ಈ ಪಂಥದ ಹೆಸರಾಂತ ಪುಸ್ತಕಗಳಲ್ಲಿ ಒಂದು.

ಲೆಕ್ಕ ಹಾಕುವ ಬಗೆ

ಆಗಸ್ಟ್ 14, 1996ರಂದು ಹುಟ್ಟಿದ ಒಬ್ಬ ಹುಡುಗನನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ತಿಂಗಳು 8. ತಾರೀಖು 14, ಅಂದರೆ 1 ಮತ್ತು 4 ಕೂಡಿ 5. ಇಸವಿ 2026ರ ಅಂಕಿಗಳನ್ನು ಕೂಡಿದರೆ 10, ಅದನ್ನು ಮತ್ತೆ ಕೂಡಿದರೆ 1. ಈಗ 8, 5 ಮತ್ತು 1 ಸೇರಿ 14. 1 ಮತ್ತು 4 ಸೇರಿ 5. ಹೀಗೆ 2026 ಈ ಹುಡುಗನಿಗೆ 5ನೇ ವರ್ಷ. ಮಾರ್ಚ್ 3, 1998ರಂದು ಹುಟ್ಟಿದ ಹುಡುಗಿಗೆ 3, 3 ಮತ್ತು 1 ಸೇರಿ 7ನೇ ವರ್ಷ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ನಡೆಯುತ್ತಿರುವ ಇಸವಿಯ ಬದಲು ಹುಟ್ಟಿದ ಇಸವಿಯನ್ನು ಕೂಡಿಸುವುದು. ಹಾಗೆ ಮಾಡಿದರೆ ಹುಡುಗನಿಗೆ ಸಿಗುವುದು 2. ಅದು ಬದುಕಿನುದ್ದಕ್ಕೂ ಬದಲಾಗದ ಬೇರೆಯೇ ಸಂಖ್ಯೆ. ನಮ್ಮ ಕಡೆಯ ಸಂಖ್ಯಾಶಾಸ್ತ್ರಿಗಳು ಅದನ್ನು ಭಾಗ್ಯಾಂಕ ಎನ್ನುತ್ತಾರೆ. ಬಂದ ಉತ್ತರ ಪ್ರತಿವರ್ಷ ಒಂದೊಂದೇ ಏರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು.

ಅದು ಏರಲೇಬೇಕು ಎನ್ನುವುದಕ್ಕೆ ಕಾರಣ ಶಾಲೆಯ ಗಣಿತದಲ್ಲಿದೆ. ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಹೋದರೆ ಕೊನೆಗೆ ಉಳಿಯುವುದು ಆ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷವೇ. ಶೇಷ ಸೊನ್ನೆಯಾದರೆ 9. ಇಸವಿ ಒಂದು ಹೆಚ್ಚಿದಾಗ ಶೇಷವೂ ಒಂದು ಹೆಚ್ಚುತ್ತದೆ. ಸುತ್ತು ಒಂಬತ್ತೇ ವರ್ಷದ್ದಾಗಲು ನಾವು ಹತ್ತರ ಗುಂಪಿನಲ್ಲಿ ಎಣಿಸುವುದೇ ಕಾರಣ. ಎಂಟರ ಗುಂಪಿನಲ್ಲಿ ಎಣಿಸುವ ಜನರಿದ್ದರೆ ಅವರ ಸುತ್ತು ಏಳು ವರ್ಷಕ್ಕೇ ಮುಗಿಯುತ್ತಿತ್ತು.

ಯಾವ ವರ್ಷಕ್ಕೆ ಏನು ಅರ್ಥ

ಸಂಬಂಧದ ಮಾತು ಬಂದಾಗ ಮುಖ್ಯವಾಗಿ ನೋಡುವುದು 2 ಮತ್ತು 6ನೇ ವರ್ಷಗಳನ್ನು. 2 ಜೋಡಿಯ ಸಂಖ್ಯೆ: ಹೊಂದಾಣಿಕೆ, ತಾಳ್ಮೆ, ಮತ್ತೊಬ್ಬರ ಮಾತಿಗೆ ಕಿವಿಗೊಡುವುದು ಅದರ ಗುಣ. ಪರಿಚಯ ಪ್ರೀತಿಯಾಗಲು, ಪ್ರೀತಿ ಪ್ರಸ್ತಾಪವಾಗಲು ಅದು ಹದವಾದ ವರ್ಷ ಎನ್ನುತ್ತಾರೆ. 6 ಮನೆ ಮತ್ತು ಹೊಣೆಗಾರಿಕೆಯ ಸಂಖ್ಯೆ. ನಿಶ್ಚಿತಾರ್ಥ, ಮದುವೆ, ಮಕ್ಕಳು, ಹೆತ್ತವರ ಆರೈಕೆ ಎಲ್ಲವನ್ನೂ ಅದಕ್ಕೇ ಸೇರಿಸುತ್ತಾರೆ. ಆದ್ದರಿಂದ ಮದುವೆಯ ವರ್ಷ ಯಾವುದೆಂದು ಕೇಳಿದರೆ ಹೆಚ್ಚಿನವರ ಉತ್ತರ 6.

ತಡೆಯುವ ಸಂಖ್ಯೆಗಳು ಮೂರು. 5 ಬದಲಾವಣೆಯ ವರ್ಷವಾದ್ದರಿಂದ ಆಗ ಕೊಟ್ಟ ಮಾತು ನಿಲ್ಲುವುದು ಕಷ್ಟ ಎಂಬ ಎಣಿಕೆ. 7 ಒಳಗೆ ನೋಡಿಕೊಳ್ಳುವ, ಒಂಟಿತನ ಬಯಸುವ ವರ್ಷ. 9 ಹಳೆಯದನ್ನು ಮುಗಿಸುವ ವರ್ಷ. ಅದರಲ್ಲಿ ಶುರುವಾದ ಸಂಬಂಧ ಸುತ್ತಿನೊಂದಿಗೇ ಮುಗಿದೀತು ಎಂಬ ಅಂಜಿಕೆ. ಉಳಿದ 1, 3, 4, 8 ನಡುವೆ ಬರುತ್ತವೆ. 1ರ ಬಗ್ಗೆ ಮಾತ್ರ ಒಮ್ಮತವಿಲ್ಲ: ಹೊಸ ಆರಂಭವೆಂದು ಕೆಲವರು ಅದನ್ನು ಮೆಚ್ಚುತ್ತಾರೆ, ಅದು ತನ್ನನ್ನೇ ತಾನು ಕಟ್ಟಿಕೊಳ್ಳುವ ವರ್ಷವೆಂದು ಬೇರೆಯವರು ಬಿಡುತ್ತಾರೆ.

ಇಬ್ಬರ ಲೆಕ್ಕ ಕೂಡಿದಾಗ

ಒಬ್ಬರ ಸಂಖ್ಯೆ ನೋಡುವುದು ಸುಲಭ. ಪ್ರಸ್ತಾಪಕ್ಕೆ ಇಬ್ಬರು ಬೇಕು, ತೊಡಕು ಅಲ್ಲಿಂದ ಶುರು. ಇಬ್ಬರ ಸಂಖ್ಯೆಗಳೂ ಒಂದೇ ವೇಗದಲ್ಲಿ ಏರುವುದರಿಂದ ಅವರ ನಡುವಿನ ಅಂತರ ಎಂದಿಗೂ ಬದಲಾಗುವುದಿಲ್ಲ. ಮೇಲಿನ ಜೋಡಿಯಲ್ಲಿ ಹುಡುಗಿ ಯಾವಾಗಲೂ ಎರಡು ಹೆಜ್ಜೆ ಮುಂದೆ. 2027ರಲ್ಲಿ ಅವನಿಗೆ 6, ಅವಳಿಗೆ 8. 2030ರಲ್ಲಿ ಅವನಿಗೆ 9, ಅವಳಿಗೆ 2. 2032ರಲ್ಲಿ 2 ಮತ್ತು 4, 2034ರಲ್ಲಿ 4 ಮತ್ತು 6. ಇಬ್ಬರಿಗೂ ಒಟ್ಟಿಗೆ 2 ಅಥವಾ 6 ಬರುವ ವರ್ಷ ಇಡೀ ಸುತ್ತಿನಲ್ಲಿ ಒಂದೂ ಇಲ್ಲ, ಮುಂದಿನ ಸುತ್ತುಗಳಲ್ಲೂ ಇಲ್ಲ.

ಇದು ಈ ಜೋಡಿಯ ದುರದೃಷ್ಟವಲ್ಲ. ಅಂತರ 0ಯಿಂದ 8ರವರೆಗೆ ಒಂಬತ್ತು ಬಗೆಯಲ್ಲಿ ಇರಬಹುದು. ಅವುಗಳಲ್ಲಿ ಅಂತರ 0, 4 ಅಥವಾ 5 ಆಗಿರುವವರಿಗೆ ಮಾತ್ರ ಇಬ್ಬರಿಗೂ ಒಪ್ಪುವ ವರ್ಷ ಸಿಗುತ್ತದೆ. ಉಳಿದ ಆರು ಬಗೆಯವರಿಗೆ, ಎಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜೋಡಿಗಳಿಗೆ, ಅಂಥ ವರ್ಷವೇ ಇಲ್ಲ. ಆಗ ನಿಯಮವನ್ನು ಸಡಿಲಿಸಬೇಕಾಗುತ್ತದೆ: ಒಬ್ಬರಿಗೆ 2 ಅಥವಾ 6 ಇದ್ದು, ಮತ್ತೊಬ್ಬರಿಗೆ 5, 7, 9 ಬಾರದಿದ್ದರೆ ಸಾಕು. ಹಾಗೆ ನೋಡಿದರೆ ಈ ಜೋಡಿಗೆ 2027, 2032 ಮತ್ತು 2034 ಒಪ್ಪುತ್ತವೆ. 2027 ತಪ್ಪಿದರೆ ಐದು ವರ್ಷ ಕಾಯಬೇಕು.

ವರ್ಷ ಗೊತ್ತಾದ ಮೇಲೆ ತಿಂಗಳು. ವರ್ಷಸಂಖ್ಯೆಗೆ ಇಂಗ್ಲಿಷ್ ತಿಂಗಳಿನ ಸಂಖ್ಯೆ ಕೂಡಿಸಿದರೆ ತಿಂಗಳಿನ ಸಂಖ್ಯೆ ಸಿಗುತ್ತದೆ, ಅದಕ್ಕೆ ತಾರೀಖನ್ನು ಕೂಡಿಸಿದರೆ ದಿನದ ಸಂಖ್ಯೆ. 2027ರ ಮೇ ತಿಂಗಳು ಹುಡುಗನಿಗೆ 6 ಮತ್ತು 5 ಸೇರಿ 11, ಅಂದರೆ 2. ಹುಡುಗಿಗೆ 8 ಮತ್ತು 5 ಸೇರಿ 13, ಅಂದರೆ 4. ಮೇ 22ರಂದು ಅವನಿಗೆ 6, ಅವಳಿಗೆ 8. ಹೀಗೆ ಪ್ರಸ್ತಾಪಕ್ಕೆ ಮೇ 22, 2027 ಎಂಬ ದಿನ ಗೊತ್ತಾಗುತ್ತದೆ. ಎರಡು ಹೆಜ್ಜೆಯ ಅಂತರ ತಿಂಗಳಿಗೂ ದಿನಕ್ಕೂ ಹಾಗೇ ಸಾಗಿ ಬಂದಿರುವುದನ್ನು ಗಮನಿಸಬಹುದು.

ಲೆಕ್ಕ ಸಡಿಲವಾಗುವ ಕಡೆ

ವರ್ಷ ಶುರುವಾಗುವುದು ಯಾವಾಗ ಎಂಬುದರಲ್ಲೇ ಎರಡು ಪಕ್ಷಗಳಿವೆ. ಜನವರಿ 1ರಿಂದ ಎಣಿಸುವುದು ಒಂದು, ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ ಎಣಿಸುವುದು ಇನ್ನೊಂದು. ಎರಡನೆಯದನ್ನು ಹಿಡಿದರೆ ಮೇ 22, 2027ರಂದು ಹುಡುಗನ ಹುಟ್ಟುಹಬ್ಬ ಇನ್ನೂ ಬಂದಿರುವುದಿಲ್ಲ, ಅವನು 5ನೇ ವರ್ಷದಲ್ಲೇ ಇರುತ್ತಾನೆ. ಮೊದಲ ಪಕ್ಷ ಆರಿಸಿಕೊಟ್ಟ ದಿನವನ್ನೇ ಎರಡನೆಯ ಪಕ್ಷ ಬೇಡ ಎನ್ನುತ್ತದೆ. ಅದರ ಪ್ರಕಾರ ಒಳ್ಳೆಯ ಕಾಲ 2027ರ ಆಗಸ್ಟ್ 14ರಿಂದ 2028ರ ಮಾರ್ಚ್ 2ರವರೆಗೆ.

11 ಮತ್ತು 22ರ ವಿಚಾರ ಇನ್ನೊಂದು. ಇವನ್ನು ಇಳಿಸದೆ ಹಾಗೇ ಉಳಿಸಿಕೊಂಡು ವಿಶೇಷ ಸಂಖ್ಯೆ ಎಂದು ಓದುವವರಿದ್ದಾರೆ. 2032ಕ್ಕೆ ಹುಡುಗನ ಲೆಕ್ಕವನ್ನು ಬಿಡಿಬಿಡಿಯಾಗಿ ಮಾಡಿದರೆ 8, 5 ಮತ್ತು 7 ಸೇರಿ 20, ಅಂದರೆ 2. ಅದೇ 8, 14 ಮತ್ತು 2032ನ್ನು ಇಡಿಯಾಗಿ ಕೂಡಿದರೆ 2054, ಅದರ ಅಂಕಿಗಳ ಮೊತ್ತ 11. ಮೊದಲು ಇಳಿಸಿದೆವೋ ಆಮೇಲೆ ಇಳಿಸಿದೆವೋ ಎಂಬುದರ ಮೇಲೆ ಒಂದೇ ವರ್ಷಕ್ಕೆ ಎರಡು ಫಲ ಬರುತ್ತವೆ.

ಮೂರನೆಯದು ಪಂಚಾಂಗ. ಭಾರತ ಸರ್ಕಾರ 1957ರಲ್ಲಿ ಜಾರಿಗೆ ತಂದ ಶಕ ಪಂಚಾಂಗದಲ್ಲಿ ಮಾರ್ಚ್ 3, 1998 ಎಂಬುದು ಫಾಲ್ಗುಣ 12. ಫಾಲ್ಗುಣ ಹನ್ನೆರಡನೇ ತಿಂಗಳು, 2026ರ ಮಾರ್ಚ್ 22ಕ್ಕೆ ಶುರುವಾಗುವುದು ಶಕ 1948. ಅದೇ ವಿಧಾನದಿಂದ 3, 3 ಮತ್ತು 4 ಸೇರಿ 10, ಅಂದರೆ 1. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ 7ನೇ ವರ್ಷದ ಏಕಾಂತದಲ್ಲಿರುವ ಹುಡುಗಿ ಶಕ ಪಂಚಾಂಗದಲ್ಲಿ ಹೊಸ ಆರಂಭದಲ್ಲಿರುತ್ತಾಳೆ. ಹುಟ್ಟಿದ ಗಳಿಗೆ ಮಾತ್ರ ಒಂದೇ.

ಕರ್ನಾಟಕದ ಮನೆಗಳಲ್ಲಿ ಮದುವೆಯ ಮಾತು ಬಂದಾಗ ನೋಡುವ ಗುರುಬಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಗುರುಬಲ ನಿಜವೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ಅದು ಎಣಿಸುವುದು ಆಕಾಶದಲ್ಲಿ ಸುಮಾರು 12 ವರ್ಷಕ್ಕೆ ಒಂದು ಸುತ್ತು ಬರುವ ಗ್ರಹವನ್ನು. ಜನ್ಮರಾಶಿಯಿಂದ 2, 5, 7, 9, 11ನೇ ರಾಶಿಯಲ್ಲಿ ಗುರು ಇದ್ದಾಗ ಬಲವಿದೆ ಎನ್ನುತ್ತಾರೆ, ಆದ್ದರಿಂದ ಅದಕ್ಕಾಗಿ ಬಹಳ ಕಾಲ ಕಾಯಬೇಕಾಗುವುದಿಲ್ಲ. ವರ್ಷಸಂಖ್ಯೆ ಎಣಿಸುವುದು ಆಕಾಶದ ಯಾವುದನ್ನೂ ಅಲ್ಲ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು. ಎರಡನ್ನೂ ಕೂಡಿಸಿ ದಿನ ಹುಡುಕಹೊರಟರೆ ಒಂದು ಒಪ್ಪಿದ್ದನ್ನು ಇನ್ನೊಂದು ತಳ್ಳುವುದು ಸಾಮಾನ್ಯ.

ಪ್ರಸ್ತಾಪಕ್ಕೆ ಒಂದು ದಿನ ಗೊತ್ತುಮಾಡಿಕೊಂಡು ಮನಸ್ಸನ್ನು ಅಣಿಗೊಳಿಸಲು ಈ ಸುತ್ತು ನೆವವಾಗಬಹುದು. ಅದಕ್ಕಿಂತ ಹೆಚ್ಚಿನದನ್ನು ಹೇಳಲು ಅದರ ಬಳಿ ಸರಕಿಲ್ಲ. ಎದುರಿನ ವ್ಯಕ್ತಿ ಯಾರು, ಎಷ್ಟು ದಿನದ ಒಡನಾಟ, ಕೈಯಲ್ಲಿ ಕೆಲಸವಿದೆಯೇ, ಇಬ್ಬರ ಮನಸ್ಸು ಒಂದಾಗಿದೆಯೇ ಎಂಬ ಯಾವ ಸಂಗತಿಯೂ ಲೆಕ್ಕದೊಳಗೆ ಹೋಗುವುದಿಲ್ಲ. ಹುಟ್ಟಿದ ಇಸವಿಯೂ ಹೋಗುವುದಿಲ್ಲ. ಆದ್ದರಿಂದ ಆಗಸ್ಟ್ 14ರಂದು ಹುಟ್ಟಿದ ಎಂಬತ್ತರ ಅಜ್ಜ, ಮೂವತ್ತರ ಮಗಳು ಮತ್ತು ತೊಟ್ಟಿಲಲ್ಲಿರುವ ಕೂಸು, ಮೂವರಿಗೂ 2026 ಒಂದೇ 5ನೇ ವರ್ಷ.